ಗೇಜಿಗೆ ಕುಂಕುಮ, ಫೈಲಿಗೆ ಸಹಿ

ಈ ವಾರವೂ ನನ್ನ ಮೊಬೈಲಿಗೆ ಅದೇ ಸಂದೇಶ ಬಂದಿದೆ. ಮೂರು ದಿನಗಳಲ್ಲಿ ಐಎಸ್‌ಒ ಪ್ರಮಾಣಪತ್ರ, ಆಡಿಟ್‌ನ ತೊಂದರೆಯಿಲ್ಲ, ಈ ತಿಂಗಳು ಮಾತ್ರ ಅರ್ಧ ಬೆಲೆ. ಬೆಳಗಾವಿಯ ಉದ್ಯಮಬಾಗದಲ್ಲಿ ಎರಡು ಲೇಥ್ ಇಟ್ಟುಕೊಂಡವರಿಗೆಲ್ಲ ಇಂಥ ಸಂದೇಶಗಳು ಎಷ್ಟು ಅಭ್ಯಾಸವಾಗಿವೆಯೆಂದರೆ, ವಾರಕ್ಕೊಂದು ಬರದಿದ್ದರೆ ನೆಟ್‌ವರ್ಕ್ ಹೋಗಿದೆಯೇ ಎಂದು ಗಾಬರಿಯಾಗುತ್ತದೆ. ಜಿನೀವಾದಲ್ಲಿರುವ ಐಎಸ್‌ಒ ಸಂಸ್ಥೆ ಮಾನದಂಡಗಳನ್ನು ಬರೆಯುತ್ತದೆಯೇ ಹೊರತು ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಕೊಡುವವು ಬೇರೆಯೇ ಪ್ರಮಾಣೀಕರಣ ಸಂಸ್ಥೆಗಳು. ಅಂಥ ಸಂಸ್ಥೆಗಳಿಗೆ ಮಾನ್ಯತೆ ನೀಡಲು ನಮ್ಮ ದೇಶದಲ್ಲಿ ಎನ್‌ಎಬಿಸಿಬಿ ಇದೆ. ಮೂರು ದಿನಗಳ ಪ್ರಮಾಣಪತ್ರದ ಮೇಲೆ ಚಿನ್ನದ ಬಣ್ಣದ ಅಂಚು, ಭೂಗೋಳದ ಚಿತ್ರ, ಮಿಂಚುವ ಮುದ್ರೆ ಎಲ್ಲವೂ ಇರುತ್ತವೆ, ಮಾನ್ಯತೆ ಕೊಟ್ಟವರ ಹೆಸರೊಂದು ಮಾತ್ರ ಇರುವುದಿಲ್ಲ. ಆದರೂ ಅದನ್ನು ಕೊಂಡವರ ಫ್ಲೆಕ್ಸುಗಳು ರಸ್ತೆಯ ತಿರುವಿನಲ್ಲಿ ಮಾಲಕರ ನಗುಮುಖ ಹೊತ್ತು ನಿಲ್ಲುತ್ತವೆ.

ನಾವು ಆ ದಾರಿ ಹಿಡಿಯಲಿಲ್ಲ ಎಂದು ಹೇಳಿಕೊಳ್ಳುವಾಗ ನನ್ನ ಎದೆ ಉಬ್ಬಬೇಕು. ಉಬ್ಬುವುದಿಲ್ಲ, ಏಕೆಂದರೆ ನಾವು ಹಿಡಿದದ್ದು ಕನ್ಸಲ್ಟಂಟ್ ಎಂಬ ಗೌರವಾನ್ವಿತ ದಾರಿ. ನಮ್ಮ ದೊಡ್ಡ ಗಿರಾಕಿ ಕಂಪನಿಯೊಂದು, ಗುಣಮಟ್ಟ ನಿರ್ವಹಣೆಯ ಮಾನದಂಡವಾದ ಐಎಸ್‌ಒ 9001 ಇಲ್ಲದ ವೆಂಡರುಗಳಿಗೆ ಇನ್ನು ಮುಂದೆ ಆರ್ಡರ್ ಇಲ್ಲ ಎಂದು ಎರಡು ಸಾಲಿನ ಪತ್ರ ಬರೆದಿತ್ತು. ಒಂಬತ್ತು ಜನ ದುಡಿಯುವ ನಮ್ಮ ವರ್ಕ್‌ಶಾಪಿಗೆ ಕನ್ಸಲ್ಟಂಟ್ ಮಹಾಶಯರು ಪೆನ್‌ಡ್ರೈವ್ ಸಮೇತ ಆಗಮಿಸಿದರು. ಸಂಜೆಯ ಹೊತ್ತಿಗೆ ನಮ್ಮ ಮೇಜಿನ ಮೇಲೆ ಹದಿನಾಲ್ಕು ಫೈಲುಗಳಿದ್ದವು. ಗುಣಮಟ್ಟ ಕೈಪಿಡಿಯ ಹನ್ನೊಂದನೆಯ ಪುಟದಲ್ಲಿ ನಮ್ಮ ಹೆಸರು ಇರಬೇಕಾದಲ್ಲಿ ಯಾವುದೋ ಪಂಪ್ ಕಾರ್ಖಾನೆಯ ಹೆಸರಿತ್ತು. ಆ ಕಾರ್ಖಾನೆಗೆ ರಾತ್ರಿ ಪಾಳಿಯಿತ್ತು, ವಿನ್ಯಾಸ ವಿಭಾಗವಿತ್ತು, ರಫ್ತು ವ್ಯವಸ್ಥಾಪಕರಿದ್ದರು. ಓದುತ್ತ ಹೋದಂತೆ ನಮ್ಮ ಬಡತನ ನನಗೇ ನಾಚಿಕೆ ತರಿಸಿತು.

ತಮಾಷೆಯೆಂದರೆ, 2015ರ ಆವೃತ್ತಿ ಬಂದಾಗಲೇ ಗುಣಮಟ್ಟ ಕೈಪಿಡಿ ಕಡ್ಡಾಯವಲ್ಲ ಎಂದಾಗಿದೆ. 2008ರ ಆವೃತ್ತಿಯಲ್ಲಿ ಕಡ್ಡಾಯವಾಗಿದ್ದ ಆರು ಲಿಖಿತ ಕಾರ್ಯವಿಧಾನಗಳೂ ಹೋಗಿವೆ. ಈಗಿನ ಮಾನದಂಡ ಕೇಳುವುದು, ಕೆಲಸ ಸರಿಯಾಗಿ ನಡೆಯಲು ಎಷ್ಟು ಬರವಣಿಗೆ ಬೇಕೋ ಅಷ್ಟನ್ನು ಮತ್ತು ಅದು ಹಾಗೆ ನಡೆದದ್ದಕ್ಕೆ ಪುರಾವೆಯನ್ನು. ನಮ್ಮಂಥ ಅಂಗಡಿಗೆ ಎರಡು ತೆಳು ಫೈಲು ಸಾಕು. ಇದನ್ನು ಕನ್ಸಲ್ಟಂಟರಿಗೆ ಹೇಳಿದಾಗ ಅವರು, "ಸಾಹೇಬ್ರ, ಫೈಲು ದಪ್ಪ ಇರ್ಲಿಲ್ಲಂದ್ರ ಆಡಿಟರ್‌ಗೆ ಸಮಾಧಾನ ಆಗಂಗಿಲ್ಲ" ಎಂದರು. ಫೈಲನ್ನು ಮೈಕ್ರೋಮೀಟರಿನಲ್ಲಿ ಅಳೆಯುವ ಪದ್ಧತಿ ನನಗೆ ಅಂದೇ ತಿಳಿದದ್ದು.

ನಂತರ ಗತಕಾಲವನ್ನು ಸೃಷ್ಟಿಸುವ ಕಾರ್ಯ ನಡೆಯಿತು. ಹನ್ನೆರಡು ತಿಂಗಳ ತರಬೇತಿ ದಾಖಲೆ, ಯಂತ್ರ ನಿರ್ವಹಣೆಯ ದಾಖಲೆ, ಸಭೆಯ ನಡಾವಳಿ ಇವೆಲ್ಲವನ್ನೂ ಒಂದೇ ನೀಲಿ ಪೆನ್ನಿನಿಂದ, ಒಂದೇ ಮಧ್ಯಾಹ್ನ, ಒಬ್ಬನೇ ಹುಡುಗ ಬರೆದು ಮುಗಿಸಿದ. ಅಳತೆ ಉಪಕರಣಗಳ ಬಳಕೆ ಕುರಿತು ಎಲ್ಲ ಸಿಬ್ಬಂದಿಗೆ ಮೂರು ಗಂಟೆಗಳ ತರಬೇತಿ ನೀಡಿದ ದಿನಾಂಕ ನವೆಂಬರ್ 1 ಎಂದು ನಮೂದಾಗಿತ್ತು. ಬೆಳಗಾವಿಯಲ್ಲಿ ರಾಜ್ಯೋತ್ಸವದ ದಿನ, ಊರಿಗೆ ಊರೇ ಮೆರವಣಿಗೆಯಲ್ಲಿರುವಾಗ, ನಮ್ಮ ಒಂಬತ್ತು ಜನ ಬಾಗಿಲು ಹಾಕಿಕೊಂಡು ವರ್ನಿಯರ್ ಹಿಡಿಯುವುದನ್ನು ಕಲಿಯುತ್ತಿದ್ದರೆಂದು ನಂಬಲು ಆಡಿಟರ್ ಈ ಲೋಕದವರಾಗಿರಬಾರದು. ಗುಣಮಟ್ಟ ನೀತಿಯನ್ನಂತೂ ಇಂಗ್ಲಿಷಿನಲ್ಲಿ ಚೌಕಟ್ಟು ಹಾಕಿಸಿ ಕುಡಿಯುವ ನೀರಿನ ಮಡಕೆಯ ಮೇಲೆ ತೂಗುಹಾಕಲಾಯಿತು. ಸ್ಕ್ರ್ಯಾಪ್ ಗುಡಿಸುವ ಅಕ್ಕ ಅದನ್ನು ಶಾಲೆಯ ಮಗ್ಗಿಯಂತೆ ಬಾಯಿಪಾಠ ಮಾಡಬೇಕಾಯಿತು. ಮಾನದಂಡ ಬಯಸುವುದು ತನ್ನ ಕೆಲಸ ಕೆಟ್ಟರೆ ಏನಾಗುತ್ತದೆಂಬ ಅರಿವನ್ನು. ಆ ಅರಿವು ಅಕ್ಕನಿಗೆ ಮೊದಲೇ ಇತ್ತು. ಶಾಫ್ಟ್ ಕೂರುವ ಕೊಳವೆಯಾಕಾರದ ಬುಶ್‌ಗಳ ಟ್ರೇಗೆ ಸ್ಕ್ರ್ಯಾಪಿನ ಚೂರು ಬೀಳದಂತೆ ಚೀಲ ಮುಚ್ಚುತ್ತಿದ್ದವಳು ಅವಳೇ.

ಇಷ್ಟೆಲ್ಲ ವೈಭವದ ನಡುವೆ ನಮ್ಮಲ್ಲಿ ಒಂದು ನಿಜವಾದ ತೊಂದರೆ ಇತ್ತು. ಹೈಡ್ರಾಲಿಕ್ ಕೆಲಸದ ಗಿರಾಕಿಯೊಬ್ಬರಿಗೆ ಕಳುಹಿಸಿದ 400 ಉಕ್ಕಿನ ಬುಶ್‌ಗಳಲ್ಲಿ 31 ವಾಪಸು ಬಂದಿದ್ದವು. ಬೋರ್ 25 ಎಚ್7, ಅಂದರೆ ಒಳವ್ಯಾಸ 25.000ರಿಂದ 25.021 ಮಿಲಿಮೀಟರಿನೊಳಗೆ ಇರಬೇಕು. ವಾಪಸು ಬಂದವುಗಳಲ್ಲಿ ಅವರ ಶಾಫ್ಟ್ ಹೋಗುತ್ತಿರಲಿಲ್ಲ. ಬೋರ್ ಪರೀಕ್ಷಿಸುವ ನಮ್ಮ ಪ್ಲಗ್ ಗೇಜಿನಲ್ಲಿ ಒಳಹೋಗಬೇಕಾದ ಗೋ ತುದಿ ಮಾತ್ರ ಸರಾಗವಾಗಿ ಒಳಹೋಗಿ, ಹೋಗಬಾರದ ನೋ-ಗೋ ತುದಿ ಶಾಸ್ತ್ರೋಕ್ತವಾಗಿ ಬಾಗಿಲಲ್ಲೇ ನಿಲ್ಲುತ್ತಿತ್ತು. ನಮ್ಮ ಪ್ರಕಾರ ಅಷ್ಟೂ ಬುಶ್‌ಗಳು ಸರಿ. ಕನ್ಸಲ್ಟಂಟರ ನಮೂನೆಯಲ್ಲಿ ಇದಕ್ಕೆ ಉತ್ತರ ಮೊದಲೇ ಅಚ್ಚಾಗಿತ್ತು. ಮೂಲ ಕಾರಣ: ಕೆಲಸಗಾರನ ನಿರ್ಲಕ್ಷ್ಯ. ಸರಿಪಡಿಸುವ ಕ್ರಮ: ತರಬೇತಿ ನೀಡಲಾಗಿದೆ. ಜಗತ್ತಿನ ಯಾವ ದೋಷಕ್ಕಾದರೂ ಒಪ್ಪುವ ಈ ಎರಡು ಸಾಲುಗಳನ್ನು ಕಂಡುಹಿಡಿದವರು ಯಾರೋ ಗೊತ್ತಿಲ್ಲ, ಅವರ ಭಾವಚಿತ್ರವನ್ನು ನೀತಿಯ ಪಕ್ಕದಲ್ಲೇ ತೂಗುಹಾಕಬೇಕು.

ಆಂತರಿಕ ಆಡಿಟ್ ಮಾಡುವವರು ನಿಷ್ಪಕ್ಷಪಾತಿಗಳಾಗಿರಬೇಕು, ತಮ್ಮ ಕೆಲಸವನ್ನು ತಾವೇ ತಪಾಸಣೆ ಮಾಡಿಕೊಳ್ಳಬಾರದು. ಒಂಬತ್ತು ಜನರಲ್ಲಿ ಇದನ್ನು ಸಾಧಿಸುವುದೆಂದರೆ ಅದಲುಬದಲು ಮಾಡುವುದಷ್ಟೇ. ಇನ್‌ಸ್ಪೆಕ್ಷನ್ ನೋಡುವ ಹುಡುಗ ಖರೀದಿಯ ಕಾಗದಗಳನ್ನು ನೋಡುವುದು, ನಮ್ಮ ತಂದೆಯವರ ಕಾಲದಿಂದ ಇರುವ ಟರ್ನರ್ ಕಾಕಾ ಇನ್‌ಸ್ಪೆಕ್ಷನ್ ಮೇಜನ್ನು ನೋಡುವುದು ಎಂದು ಗೊತ್ತಾಯಿತು. ದೋಷವೇ ಇಲ್ಲದಿದ್ದರೆ ಹೊರಗಿನ ಆಡಿಟರಿಗೆ ಸಂಶಯ ಬರುತ್ತದೆ, ಆದ್ದರಿಂದ ಎರಡು ಸಣ್ಣ ಎನ್‌ಸಿ, ಅಂದರೆ ಮಾನದಂಡಕ್ಕೆ ಹೊಂದದ ದೋಷ, ಬರೆದಿಡಿ ಎಂಬುದು ಕನ್ಸಲ್ಟಂಟರ ಸಲಹೆಯಾಗಿತ್ತು. ಒಂದು ಕಡೆ ಸಹಿ ಬಿಟ್ಟಿದೆ, ಇನ್ನೊಂದು ಕಡೆ ದಿನಾಂಕ ಬಿಟ್ಟಿದೆ ಎಂದು ಬರೆದರೆ ಮುಗಿಯಿತು. ಮಗುವಿಗೆ ದೃಷ್ಟಿ ತಾಗದಿರಲೆಂದು ಕೆನ್ನೆಗೆ ಇಡುವ ಕಾಡಿಗೆಯ ಬೊಟ್ಟಿನಂಥ ದೋಷಗಳು.

ಕಾಕಾ ಅವರಿಗೆ ಕಾಡಿಗೆಯ ಬೊಟ್ಟು ಇಡುವುದು ಬರಲಿಲ್ಲ. ಅವರು ಪ್ರಶ್ನಾವಳಿಯನ್ನು ಪಕ್ಕಕ್ಕಿಟ್ಟು, ವಾಪಸು ಬಂದ ಬುಶ್ ಒಂದನ್ನು ಹಿಡಿದು ನಮ್ಮ ಗೇಜ್ ಹಾಕಿದರು, ಹೋಯಿತು. ಪಕ್ಕದ ವರ್ಕ್‌ಶಾಪಿನಿಂದ ಅದೇ ಅಳತೆಯ ಹೊಸ ಗೇಜನ್ನು ಕಡ ತಂದು ಅದೇ ಬುಶ್‌ಗೆ ಹಾಕಿದರು, ಹೋಗಲಿಲ್ಲ. "ಸಣ್ಣ ಸಾಹೇಬ್ರ, ಈ ಗೇಜಿನ್ಯಾಗ ನಾವು ಎಲ್ಲಾರನ್ನೂ ಅಳದೀವಿ. ಇದನ್ನ ಯಾರು ಅಳದಾರ?" ಎಂದು ಕೇಳಿದರು.

ಯಾರೂ ಅಳೆದಿರಲಿಲ್ಲ. ಅಳತೆ ಉಪಕರಣಗಳನ್ನೇ ಅಳೆದು ನೋಡುವ ಕ್ಯಾಲಿಬ್ರೇಶನ್ನಿನ ನಮ್ಮ ಪಟ್ಟಿ ಆ ಪಂಪ್ ಕಾರ್ಖಾನೆಯ ಪಟ್ಟಿಯಾಗಿತ್ತು. ಅದರಲ್ಲಿ ನಮ್ಮಲ್ಲಿಲ್ಲದ ಒತ್ತಡ ಮಾಪಕಗಳಿದ್ದವು, ನಮ್ಮಲ್ಲಿದ್ದ ಪ್ಲಗ್ ಗೇಜ್ ಇರಲಿಲ್ಲ. ಗೇಜನ್ನು ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯಕ್ಕೆ ಕಳುಹಿಸಿದಾಗ ಗೋ ತುದಿ 24.988 ಎಂದು ಬಂತು. ಸಾವಿರಾರು ಬೋರುಗಳಲ್ಲಿ ಹೊಕ್ಕು ಹೊರಟು ಅದು 12 ಮೈಕ್ರಾನ್ ಸವೆದಿತ್ತು. ಗೋ ತುದಿಯ ಸವೆತದ ಮೋಸ ಇರುವುದೇ ಇಲ್ಲಿ. ಅದು ಸವೆದಷ್ಟೂ ಸಣ್ಣದಾಗುತ್ತದೆ, ಸಣ್ಣದಾದಷ್ಟೂ ಇಕ್ಕಟ್ಟಿನ ಬೋರನ್ನೂ ಸರಿ ಎಂದು ಒಪ್ಪುತ್ತದೆ, ಹೀಗಾಗಿ ನಮ್ಮಲ್ಲಿ ರಿಜೆಕ್ಷನ್ ಕಡಿಮೆಯಾಗುತ್ತ ಹೋಗುತ್ತದೆ. ಗುಣಮಟ್ಟ ಸುಧಾರಿಸಿದೆ ಎಂದು ನಾವು ಹಿಗ್ಗಿದ್ದೆವು. ಎಲ್ಲ 400 ಬುಶ್‌ಗಳೂ ವಾಪಸು ಬಾರದಿದ್ದುದಕ್ಕೂ ಕಾರಣವಿದೆ. ಬಹುತೇಕ ಬುಶ್‌ಗಳ ಬೋರ್ ಅಳತೆಯೊಳಗೇ ಇತ್ತು. ಗಿರಾಕಿಯ ಶಾಫ್ಟ್ ಕೂಡ 24.980ರಿಂದ 24.993ರವರೆಗೆ ಇರಬಹುದು. ಇಕ್ಕಟ್ಟಾದ ಬುಶ್‌ಗೆ ತೆಳು ಶಾಫ್ಟ್ ಸಿಕ್ಕರೆ ದೋಷ ಮುಚ್ಚಿಹೋಗುತ್ತದೆ, ದಪ್ಪ ಶಾಫ್ಟ್ ಸಿಕ್ಕರೆ ಸಿಕ್ಕಿಕೊಳ್ಳುತ್ತದೆ. ಲೇಥ್‌ನಿಂದ ಇಳಿದ ಬಿಸಿ ಬುಶ್ಶನ್ನೇ ಅಳೆಯುವ ನಮ್ಮ ಅವಸರವೂ ಕೈಜೋಡಿಸಿತ್ತು. 20 ಡಿಗ್ರಿ ಹೆಚ್ಚು ಬಿಸಿಯಿರುವ 25 ಮಿಲಿಮೀಟರಿನ ಬೋರ್ ಆರಿದ ಮೇಲೆ ಸುಮಾರು 6 ಮೈಕ್ರಾನ್ ಕುಗ್ಗುತ್ತದೆ.

ಈ ಗೇಜಿನ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಸಂಗತಿ. ಪ್ರತಿ ವರ್ಷ ಖಂಡೇನವಮಿಯ ದಿನ ಆ ಗೇಜನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹರಿವಾಣದಲ್ಲಿಟ್ಟು, ಕುಂಕುಮ ಹಚ್ಚಿ, ಚೆಂಡು ಹೂವಿಟ್ಟು ನಾವೆಲ್ಲ ಕೈ ಮುಗಿದಿದ್ದೇವೆ. ವರ್ಷಕ್ಕೊಮ್ಮೆ ಅದನ್ನು ಎಲ್ಲರೂ ನೋಡುತ್ತಿದ್ದೆವು, ತಪ್ಪದೆ, ನಿಗದಿತ ದಿನಾಂಕದಂದು, ಸಾಕ್ಷಿಗಳ ಸಮ್ಮುಖದಲ್ಲಿ. ಅಳೆಯುವುದೊಂದನ್ನು ಬಿಟ್ಟು ಬೇಕಾದ ಎಲ್ಲ ವಿಧಿಯೂ ನಡೆದಿತ್ತು. ಆಡಿಟ್‌ಗೆ ಮುನ್ನ ಹಳದಿ ಬಣ್ಣದ ಗೆರೆ ಎಳೆದು, ಫೈಲಿಗೆ ಸಹಿ ಹಾಕಿ, ಆಡಿಟರಿಗೆ ಕುಂದಾ ತಿನ್ನಿಸಿ ಕಳುಹಿಸುವ ನಮ್ಮ ಊರಿನ ಪದ್ಧತಿ ಎಲ್ಲಿಂದ ಬಂತೆಂದು ಇನ್ನು ಯಾರನ್ನೂ ಕೇಳಬೇಕಾಗಿಲ್ಲ. ಪೂಜೆಗಾದರೂ ಕನ್ಸಲ್ಟಂಟ್ ಬೇಕಿರಲಿಲ್ಲ.

ಉಪಕರಣ ತಪ್ಪೆಂದು ಗೊತ್ತಾದರೆ, ಅದರಿಂದ ಹಿಂದೆ ಅಳೆದದ್ದೆಲ್ಲ ಎಷ್ಟು ನಂಬಲರ್ಹ ಎಂದು ತಿರುಗಿ ನೋಡಬೇಕೆಂದು ಮಾನದಂಡ ಹೇಳುತ್ತದೆ. ಸಾಮಾನ್ಯವಾಗಿ ಹಿಂದಿನ ಕ್ಯಾಲಿಬ್ರೇಶನ್‌ವರೆಗೆ ಹೋಗಬೇಕು. ಅದು ಎಂದೂ ಆಗಿರದಿದ್ದರೆ ಎಲ್ಲಿಯವರೆಗೆ ಹೋಗುವುದು? ಡಿಸ್ಪ್ಯಾಚ್ ಪುಸ್ತಕ ಹಿಡಿದು, ಈ ಗೇಜಿನಿಂದ ಪಾಸಾಗಿ ಸ್ಟೋರಿನಲ್ಲಿ ಉಳಿದಿದ್ದ 260 ಬುಶ್‌ಗಳನ್ನು, ತಣ್ಣಗಾದ ಮೇಲೆ, ರಿಂಗ್ ಗೇಜಿನಲ್ಲಿ ಹೊಂದಿಸಿದ ಬೋರ್ ಗೇಜಿನಿಂದ ಮತ್ತೆ ಅಳೆದೆವು. 22 ಇಕ್ಕಟ್ಟಾಗಿದ್ದವು. ಅವುಗಳನ್ನು ಕೆಂಪು ಪೆಟ್ಟಿಗೆಯಲ್ಲಿಟ್ಟು, ಬೋರನ್ನು ಒಳಗಿನಿಂದ ಉಜ್ಜಿ ಹಿಗ್ಗಿಸುವ ಹೋನಿಂಗ್ ಮಾಡಿಸಿದೆವು. ಒಳವ್ಯಾಸ ಸಣ್ಣದಿದ್ದರೆ ಆ ಅವಕಾಶವಾದರೂ ಇದೆ, ದೊಡ್ಡದಾಗಿದ್ದರೆ ಸ್ಕ್ರ್ಯಾಪ್. ಈಗಾಗಲೇ ಹೋದ ಲಾಟ್‌ಗಳ ಬಗ್ಗೆ ಗಿರಾಕಿಗಳಿಗೆ ತಿಳಿಸಿದೆವು.

ಆಗ ದೊಡ್ಡ ಗಿರಾಕಿ ಕಂಪನಿಯ ಖರೀದಿ ವಿಭಾಗದವರು ದೂರವಾಣಿಯಲ್ಲಿ, ಆಡಿಟ್ ಮುಗಿಯುವವರೆಗೆ ಇದನ್ನೆಲ್ಲ ಬರಹದಲ್ಲಿ ಹಾಕಬೇಡಿ ಎಂದರು. ಇಲ್ಲಿ ನನಗೆ ವಿಡಂಬನೆ ಮಾಡುವ ತಾಳ್ಮೆ ಉಳಿದಿಲ್ಲ. ಪ್ರಮಾಣಪತ್ರ ಬೇಕೆಂದವರು ಅವರು. ಪ್ರಮಾಣಪತ್ರ ಯಾವುದನ್ನು ಮಾಡಿಸಬೇಕೋ ಅದನ್ನು ಮಾಡಿದಾಗ ಮುಚ್ಚಿಡಿ ಎನ್ನುವವರೂ ಅವರೇ. ಕ್ಯಾಲಿಬ್ರೇಶನ್ ಖರ್ಚಿಗೆ ಬುಶ್‌ಗೆ ಐವತ್ತು ಪೈಸೆ ಏರಿಸಿರೆಂದರೆ ಬಜೆಟ್ ಇಲ್ಲ. ಸಣ್ಣ ಉದ್ಯಮಗಳಿಗೆ 45 ದಿನಗಳ ಒಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ನಮ್ಮ ಹಣ ನಾಲ್ಕನೆಯ ತಿಂಗಳಿಗೆ ಬರುತ್ತದೆ. ಅವರ ಪಾವತಿ ಪದ್ಧತಿಗೆ ಯಾರೂ ಎನ್‌ಸಿ ಬರೆಯುವುದಿಲ್ಲ.

ನಾವು ಬರೆದೆವು. ಕಾಕಾ ಅವರ ಕೈಬರಹದಲ್ಲೇ, ಕನ್ನಡದಲ್ಲೇ. ಹೊರಗಿನ ಆಡಿಟರ್ ಎರಡು ದಿನ ಇದ್ದರು. ನವೆಂಬರ್ 1ರ ತರಬೇತಿಯನ್ನು ನೋಡಿ ನಕ್ಕು, ಅದನ್ನು ದೋಷವೆಂದು ದಾಖಲಿಸಿದರು. ಪಂಪ್ ಕಾರ್ಖಾನೆಯ ಹೆಸರನ್ನೂ ಬಿಡಲಿಲ್ಲ. ಗೇಜಿನ ಹಾಳೆಯ ಮುಂದೆ ಮಾತ್ರ ಬಹಳ ಹೊತ್ತು ಕುಳಿತರು, ಪ್ರಯೋಗಾಲಯದ ವರದಿ, 260ರ ಅಳತೆ ಪಟ್ಟಿ ಎರಡನ್ನೂ ಸಾಲುಸಾಲಾಗಿ ನೋಡಿ, ಇದನ್ನು ಬರೆದವರು ಯಾರು ಎಂದು ಕೇಳಿದರು. ಕಾಕಾ ಲೇಥ್ ನಿಲ್ಲಿಸಿ ಬರಲಿಲ್ಲ, ಅಲ್ಲಿಂದಲೇ ಕೈ ಎತ್ತಿದರು.

ಪ್ರಮಾಣಪತ್ರ ಮೂರು ವರ್ಷಕ್ಕೆ ಬಂದಿದೆ. ಹೊಸ ಗೇಜಿಗೆ ಸಂಖ್ಯೆ, ಮುಂದಿನ ಕ್ಯಾಲಿಬ್ರೇಶನ್ ದಿನಾಂಕದ ಚೀಟಿ ಅಂಟಿಸಿದೆವು. ಈ ಸಲದ ಖಂಡೇನವಮಿಯಲ್ಲಿ ಅದೂ ಹರಿವಾಣ ಏರಿತು. ಮರುವಾರದ ಆಂತರಿಕ ಆಡಿಟ್‌ನಲ್ಲಿ ಕಾಕಾ ಬರೆದ ಎನ್‌ಸಿ ಒಂದೇ: ಚೀಟಿಯ ಮೇಲೆ ಕುಂಕುಮ ಬಿದ್ದಿದೆ, ದಿನಾಂಕ ಓದಲು ಬರುವುದಿಲ್ಲ.