45 ದಿನದ ರಜೆ ಮತ್ತು ಜೇನಿನ ಪಾಕೀಟು

ಶಾರ್ಜಾದ ನಮ್ಮ ರೂಮಿನಲ್ಲಿ ಯಾರಾದರೂ ರಜೆಗೆ ಹೊರಟರೆ ಪೆಟ್ಟಿಗೆ ಕಟ್ಟುವುದೇ ಒಂದು ಗಮ್ಮತ್ತು. ಹಾಲಿನ ಪುಡಿ, ಬಾದಾಮಿ, ಅತ್ತರು, ಅಮ್ಮನಿಗೆ ಮಂಡಿನೋವಿನ ಎಣ್ಣೆ. ತೂಕ ಜಾಸ್ತಿಯಾದರೆ ಬಾದಾಮಿ ಹೊರಗೆ ಬರುತ್ತದೆ. ಆದರೆ ಬಟ್ಟೆಯ ಮಡಿಕೆಯೊಳಗೆ ಇಟ್ಟ ಜೇನಿನ ಪಾಕೀಟುಗಳು ಹೊರಗೆ ಬಂದದ್ದನ್ನು ನಾನು ಕಂಡಿಲ್ಲ. ಎರಡು ವರ್ಷದ ಮೇಲೆ ಹೆಂಡತಿಯ ಹತ್ತಿರ ಹೋಗುವವನಿಗೆ ‘ಶಕ್ತಿ’ ಬೇಕಲ್ವಾ?

ಆ ಜೇನಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಇಂಥ ‘ಗಂಡಸರ ಜೇನು’ಗಳನ್ನು ಪರೀಕ್ಷೆಗೆ ಹಾಕಿತು. ಕೆಲವುಗಳಲ್ಲಿ ಸಿಲ್ಡೆನಾಫಿಲ್, ಟಡಾಲಾಫಿಲ್ ಎಂಬ, ನಿಮಿರದವರಿಗೆ ಡಾಕ್ಟರು ಬರೆದುಕೊಡುವ ಮಾತ್ರೆಯ ಮದ್ದೇ ಬೆರೆತಿತ್ತು. ಲೇಬಲ್ಲಿನಲ್ಲಿ ಅದರ ಹೆಸರೇ ಇರಲಿಲ್ಲ. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ತಿಂದರೆ ರಕ್ತದೊತ್ತಡ ಒಮ್ಮೆಲೇ ಕುಸಿದು ಪ್ರಾಣಕ್ಕೇ ಬರಬಹುದು. ನಮ್ಮವರು ಉಳಿದ ಪಾಕೀಟನ್ನು ಊರಿನ ಮಾವನಿಗೂ ಕೊಟ್ಟು ಬರುತ್ತಾರೆ!

ಈಗ ಒಬ್ಬನ ಕಥೆ. ಬೈಂದೂರು ಕಡೆಯ ಹುಡುಗ, ಎ.ಸಿ. ಮೆಕ್ಯಾನಿಕ್, ವಯಸ್ಸು 34. ಹೇಳಲು ಅವನ ಒಪ್ಪಿಗೆ ಇದೆ, ಹೆಸರು ಬೇಡ ಅಂದಿದ್ದಾನೆ. ಮದುವೆಯಾಗಿ 20 ದಿನಕ್ಕೆ ವಾಪಸ್ ಬಂದವನು, ಎರಡು ವರ್ಷದ ಮೇಲೆ 45 ದಿನದ ರಜೆಯಲ್ಲಿ ಹೋದ. ಆ ಎರಡು ವರ್ಷ ರಾತ್ರಿ ಡ್ಯೂಟಿ ಮುಗಿಸಿ, ಮೇಲಿನ ಬಂಕಿನಲ್ಲಿ ಚಾದರ ಹೊದ್ದು ಫೋನ್ ನೋಡುವುದೇ ಅವನ ಸಂಸಾರ. ಅರ್ಧ ಗಂಟೆ ಹೆಂಡತಿ, ಆಮೇಲೆ ಬೇರೆ ವಿಡಿಯೊ. ಊರಿಗೆ ಹೋದಾಗ ಹೇಗೆ ಹೇಗೆ ಎಂದು ಮನಸ್ಸಿನಲ್ಲೇ ಪೂರ್ತಿ ಸಿನಿಮಾ ತಯಾರಾಗಿತ್ತು. ಅದರಲ್ಲಿ ಹೆಂಡತಿಯ ಪಾತ್ರ ಬರೆದವನೂ ಇವನೇ.

ಮಂಗಳೂರಿನಲ್ಲಿ ವಿಮಾನ ಇಳಿದದ್ದು ಬೆಳಗಿನ ಜಾವ. ಹಿಂದಿನ ರಾತ್ರಿ ನಿದ್ದೆ ಇಲ್ಲ. ಹಗಲಿಡೀ ನೆಂಟರು. ಸಂಜೆ ಗೆಳೆಯರ ಜೊತೆ ಮೂರು ಪೆಗ್. ರಾತ್ರಿ ಕೋಣೆಯ ಬಾಗಿಲು ಹಾಕಿದಾಗ ದೇಹ ಏಳಲಿಲ್ಲ. ಎರಡನೇ ರಾತ್ರಿ ಕುಡಿದಿರಲಿಲ್ಲ, ಆದರೂ ಆಗಲಿಲ್ಲ. ಮೂರನೇ ರಾತ್ರಿ ಆಯಿತು, ಒಂದೇ ನಿಮಿಷದಲ್ಲಿ ಮುಗಿದೂ ಹೋಯಿತು. ನಾಲ್ಕನೇ ದಿನ ಪೇಟೆಯ ಮೆಡಿಕಲ್‌ಗೆ ಹೋದ. ವೈದ್ಯರ ಚೀಟಿ ಇಲ್ಲದೆ ಮಾರಬಾರದ ಮಾತ್ರೆ ಅದು. ಅಂಗಡಿಯವನು ಮುಖವನ್ನೂ ನೋಡದೆ ಪೇಪರಿನಲ್ಲಿ ಸುತ್ತಿ ಕೊಟ್ಟ. ಇಲ್ಲಿ ಶಾರ್ಜಾದಲ್ಲಿ ಅದೇ ಮಾತ್ರೆ ಕೇಳಿದಾಗ ಫಾರ್ಮಸಿಯವನು ‘ಚೀಟಿ ತನ್ನಿ’ ಅಂದಿದ್ದನಂತೆ. ಆಗ ಅವನಿಗೆ ಅವಮಾನ ಆಗಿತ್ತು. ನನ್ನನ್ನು ಕೇಳಿದರೆ ಇಲ್ಲಿಯವನೇ ವಾಸಿ.

ಮಾತ್ರೆ ಕೆಲಸ ಮಾಡಿತು. ಜೊತೆಗೆ ತಲೆನೋವು, ಮುಖ ಕೆಂಪು. ದೊಡ್ಡ ನಷ್ಟ ಬೇರೆಯೇ. ‘ಮಾತ್ರೆ ಇಲ್ಲದಿದ್ದರೆ ನಾನಿಲ್ಲ’ ಅಂತ ತಲೆಯಲ್ಲಿ ಕೂತುಬಿಟ್ಟಿತು. ಹೆಂಡತಿ ಒಂದು ದಿನ ಕೇಳಿದಳಂತೆ, “ನಿಮಗೆ ಅಲ್ಲಿ ಬೇರೆ ಯಾರಾದ್ರೂ ಇದ್ದಾರಾ?” ಅವಳಿಗೆ ಬೇರೆ ಕಾರಣ ಹೇಗೆ ಹೊಳೆಯಬೇಕು? 45 ದಿನದ ರಜೆಯಲ್ಲಿ 38ನೇ ದಿನಕ್ಕೇ, ಕಂಪನಿ ಕರೀತು ಅಂತ ಸುಳ್ಳು ಹೇಳಿ ಬಂದುಬಿಟ್ಟ.

ಇಲ್ಲಿ ರೂಮಿನ ಒಬ್ಬ ಮಲಯಾಳಿ ಅವನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದ. ನಮ್ಮ ಕರಾವಳಿಯವರು ‘ವೀಕ್ನೆಸ್’ ಅಂತ ಒಂದು ಮಾತಿನಲ್ಲಿ ಮುಚ್ಚಿಡುವುದನ್ನು ಆ ಮನುಷ್ಯ ಹಲ್ಲುನೋವಿನ ಹಾಗೆ ಮಾತಾಡುತ್ತಿದ್ದ. ಡಾಕ್ಟರು ಮೊದಲು ಕೇಳಿದ್ದು: ಬೆಳಗ್ಗೆ ಏಳುವಾಗ ನಿಮಿರಿರುತ್ತದಾ? ಒಬ್ಬನೇ ಇದ್ದಾಗ ಆಗುತ್ತದಾ? ಎರಡಕ್ಕೂ ಹೌದು. ಹಾಗಾದರೆ ರಕ್ತನಾಳ, ನರ ಎರಡೂ ಹೆಚ್ಚುಕಡಿಮೆ ಸರಿಯಾಗಿಯೇ ಇವೆ ಅಂದರು. ಆದರೂ ಸಕ್ಕರೆ, ಬಿ.ಪಿ. ನೋಡಿದರು. ಬೆಳಗಿನದ್ದೂ ತಿಂಗಳುಗಟ್ಟಲೆ ನಿಂತುಹೋಗಿದ್ದರೆ ಮಾತು ಬೇರೆ. ಅಲ್ಲಿನ ರಕ್ತನಾಳ ಸಣ್ಣದು. ಹೃದಯದ ತೊಂದರೆ ಕೆಲವರಿಗೆ ಅಲ್ಲೇ ಮೊದಲು ಕಾಣಿಸಿಕೊಳ್ಳುತ್ತದೆ.

ಮತ್ತೆ ಆ ರಾತ್ರಿಗಳಲ್ಲಿ ಆದದ್ದೇನು? ನಿಮಿರುವುದು ದೇಹ ನಿರಾಳವಾಗಿದ್ದಾಗ ನಡೆಯುವ ಕೆಲಸ. ಅಲ್ಲಿನ ಸ್ನಾಯು ಸಡಿಲಾದರೆ ರಕ್ತ ಒಳಗೆ ತುಂಬುತ್ತದೆ. ಹೆದರಿದಾಗ ಬರುವ ಅಡ್ರಿನಲಿನ್ ಅದೇ ಸ್ನಾಯುವನ್ನು ಬಿಗಿ ಮಾಡುತ್ತದೆ, ಬಂದ ರಕ್ತ ವಾಪಸ್. ‘ಆಗುತ್ತದೋ ಇಲ್ಲವೋ’ ಅಂತ ತನ್ನನ್ನೇ ನೋಡುತ್ತಾ ಕೂತವನು ಹಾಸಿಗೆಯಲ್ಲಿ ಪ್ರೇಕ್ಷಕ ಆಗಿರುತ್ತಾನೆ. ಮೊದಲ ರಾತ್ರಿ ತಪ್ಪಿದ್ದು ಕುಡಿತ, ನಿದ್ದೆಗೇಡು. ಎರಡನೆಯದು ತಪ್ಪಿದ್ದು ಮೊದಲನೆಯದರ ಭಯದಿಂದ. ಬಹಳ ಕಾಲದ ಮೇಲೆ ಸೇರಿದಾಗ ಬೇಗ ಮುಗಿಯುವುದಂತೂ ಮಾಮೂಲಿ, ಅದು ರೋಗವಲ್ಲ.

ಎಷ್ಟು ಹೊತ್ತು ಆಗಬೇಕು ಅನ್ನುವುದಕ್ಕೂ ಅವನ ಹತ್ತಿರ ಇದ್ದ ಅಳತೆ ಫೋನಿನದ್ದೇ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಐದು ದೇಶಗಳ ಸುಮಾರು 500 ಜೋಡಿಗಳು ಸ್ಟಾಪ್‌ವಾಚ್ ಹಿಡಿದು ಅಳೆದಿದ್ದರು. ನಟ್ಟನಡುವಿನ ಅಂಕಿ 5.4 ನಿಮಿಷ. ಅಂದರೆ ಅರ್ಧದಷ್ಟು ಜೋಡಿಗಳದ್ದು ಅದಕ್ಕಿಂತ ಕಡಿಮೆ. ವಿಡಿಯೊದಲ್ಲಿ ಕಾಣುವ ಅರ್ಧ ಗಂಟೆ ಕತ್ತರಿಸಿ ಅಂಟಿಸಿದ್ದು ಮಾರಾಯ್ರೇ.

ನಮ್ಮ ಅಜ್ಜಂದಿರೂ ಬೊಂಬಾಯಿ ಹೋಟೆಲುಗಳಿಗೆ ಹೋಗಿ ವರ್ಷಗಟ್ಟಲೆ ಒಬ್ಬರೇ ಇದ್ದವರು. ಅವರಿಗೆ ಭಯ ಇರಲಿಲ್ಲ ಅಂತ ಹೇಳಲಾರೆ, ಯಾರೂ ಅವರನ್ನು ಕೇಳಲಿಲ್ಲ. ಆದರೆ ದಿನಾ ರಾತ್ರಿ ಮುಖ ತೋರಿಸಿ ಆಸೆ ಏರಿಸುವ ಫೋನ್ ಇರಲಿಲ್ಲ. ತಿಂಗಳಿಗೊಂದು ಕಾಗದ, ಅದನ್ನೂ ಮನೆಯಲ್ಲಿ ಎಲ್ಲರೂ ಓದುವವರೇ. ನನ್ನ ಹಾಗೆ ಹೆಂಡತಿಯನ್ನು ಇಲ್ಲಿಗೇ ಕರೆಸಿಕೊಂಡವರಿಗೆ ಜಗಳ ಬೇಕಾದಷ್ಟಿದೆ. ಆದರೆ ಇವತ್ತು ಆಗದಿದ್ದರೆ ನಾಳೆ ಅಂತ ಮಲಗಬಹುದು. ರಜೆಯವನಿಗೆ ಆ ‘ನಾಳೆ’ ಲೆಕ್ಕದ್ದು.

ಅದರ ಮೇಲೆ ‘ಈ ಸಲ ಸಿಹಿಸುದ್ದಿ ಕೊಡಬೇಕು’ ಅನ್ನುವ ಅಮ್ಮಂದಿರು. ಒಂದು ತಿಂಗಳ ಚಕ್ರದಲ್ಲಿ ಗರ್ಭ ನಿಲ್ಲಬಹುದಾದ ದಿನ ಸುಮಾರು ಆರು. 45 ದಿನದಲ್ಲಿ ಅಂಥ ಅವಕಾಶ ಒಂದೋ ಎರಡೋ. ಅವತ್ತೇ ಆಗಬೇಕು ಅಂತ ಕ್ಯಾಲೆಂಡರಿಗೆ ಗುರುತು ಹಾಕಿದರೆ ದೇಹ ಅವತ್ತೇ ಕೈಕೊಡುತ್ತದೆ. ಹೆಂಡತಿಯದ್ದೂ ಅಷ್ಟೇ. ಎರಡು ವರ್ಷ ಒಬ್ಬಳೇ ಮಲಗಿದವಳಿಗೆ ಮೊದಲ ರಾತ್ರಿಯೇ ಮನಸ್ಸು ಬರಬೇಕೆಂದಿಲ್ಲ. ಮನಸ್ಸು ಬಾರದೆ ಒಣಗಿದ್ದರೆ ನೋವು, ನೋವಾದರೆ ಮಾರನೇ ದಿನ ಅವಳಿಗೂ ಹೆದರಿಕೆ.

ಡಾಕ್ಟರು ಅವನಿಗೆ ಕೊಟ್ಟ ಮದ್ದು ಒಂದು ನಿಷೇಧ. ಮುಂದಿನ ರಜೆಯಲ್ಲಿ ಮೊದಲ ವಾರ ಸಂಭೋಗ ಬೇಡ, ಇದನ್ನು ಹೆಂಡತಿಗೆ ಇಲ್ಲಿಂದಲೇ ಹೇಳಿ ಹೋಗಬೇಕು. ಮೊದಲು ಕೈ, ಬೆನ್ನು, ತಲೆ ಸವರುವುದು ಅಷ್ಟೇ. ಎರಡು ಮೂರು ದಿನ ಬಿಟ್ಟು, ಇಬ್ಬರಿಗೂ ಇಷ್ಟವಾದರೆ ಬೇರೆ ಕಡೆ. ನಿಮಿರಿದರೂ ಮುಂದುವರಿಯಬಾರದು, ಇಳಿಯಲು ಬಿಡಬೇಕು. ಇಳಿದದ್ದು ಮತ್ತೆ ಏಳುತ್ತದೆ ಅಂತ ಕಣ್ಣಾರೆ ಕಂಡರೆ ಪರೀಕ್ಷೆಯ ಭಯ ಹೋಗುತ್ತದೆ. ಮಾತ್ರೆ ಬೇಕೆನಿಸಿದರೆ ತಾನೇ ಬರೆದುಕೊಡುತ್ತೇನೆ, ಕೆಲವು ಸಲಕ್ಕೆ ಮಾತ್ರ ಅಂದರು.

ಹೇಳಲು ಅವನಿಗೆ ಮೂರು ತಿಂಗಳು ಹಿಡಿಯಿತು. ಫೋನಿನಲ್ಲಿ ಹೇಳಿದಾಗ ಹೆಂಡತಿ ನಕ್ಕಳಂತೆ, ಆಮೇಲೆ ಅತ್ತಳಂತೆ. ಹೋದ ರಜೆಯಲ್ಲಿ ನಿಷೇಧ ಐದನೇ ದಿನಕ್ಕೆ ಮುರಿಯಿತು, ಎಂಟನೇ ದಿನ ಮತ್ತೆ ಆಗಲಿಲ್ಲ. ಆದರೆ ಈ ಸಲ 45 ದಿನವೂ ಊರಲ್ಲಿದ್ದ. ಈಗ ಅವಳನ್ನು ಇಲ್ಲಿಗೆ ಕರೆಸುವ ಲೆಕ್ಕ ಹಾಕುತ್ತಿದ್ದಾನೆ. ಫ್ಯಾಮಿಲಿ ವೀಸಾಕ್ಕೆ ಇಲ್ಲಿ 4000 ದಿರ್ಹಂ ಸಂಬಳ ಬೇಕು, ಕಂಪನಿ ಮನೆ ಕೊಟ್ಟರೆ 3000. ಅವನದ್ದು 2200, ಮತ್ತೆ ಮೇಲಿನ ಬಂಕು.