ಹೆಸರಿನ ಮುಂದೆ ಮೂರು ಇಂಟು

ಮೇಷ್ಟ್ರು ಆಫೀಸ್ ರೂಮಿಗೆ ಹೋಗುವಾಗ ಲೀಡರ್ ಕೈಗೆ ಚಾಕ್‌ಪೀಸ್ ಕೊಟ್ಟು ಹೋಗುತ್ತಾರೆ. ನಮ್ಮ ಶಾಲೆಗಳಲ್ಲಿ ನಿಜವಾದ ಪಾಠ ಶುರುವಾಗುವುದೇ ಆಗ. ಪುಸ್ತಕದಲ್ಲಿ ಇಲ್ಲ, ಪರೀಕ್ಷೆಗೆ ಬರುವುದಿಲ್ಲ, ಆದರೂ ಇದರಲ್ಲಿ ಯಾರೂ ಫೇಲಾದದ್ದಿಲ್ಲ.

ಲೀಡರ್ ಬೋರ್ಡಿನ ಮೂಲೆಯಲ್ಲಿ 'ಮಾತಾಡಿದವರು' ಎಂದು ಬರೆದು ಗೆರೆ ಎಳೆಯುತ್ತಾನೆ. ಮೊದಲ ಹೆಸರು ನಿನ್ನೆ ಕಬಡ್ಡಿಯಲ್ಲಿ ಅವನನ್ನು ಕೆಡವಿದವನದು. ಮತ್ತೆ ಬಾಯಿ ಬಿಟ್ಟರೆ ಹೆಸರಿನ ಮುಂದೆ ಒಂದು ಇಂಟು. 'ನಾನು ಮಾತಾಡಿಲ್ಲ ಕಣೋ' ಎಂದರೆ ಇನ್ನೊಂದು ಇಂಟು. ಹಾಗೆ ಹೇಳಿದ್ದೂ ಮಾತೇ ಅಲ್ವಾ! ಲೆಕ್ಕ ತಿಳಿಯದೆ ಪಕ್ಕದವಳನ್ನು ಕೇಳಿದ ಹುಡುಗಿಗೂ ಇಂಟು, ಪಕ್ಕದವನಿಗೆ ಬೈದವನಿಗೂ ಇಂಟು. ಏನು ಮಾತಾಡಿದೆ ಎಂದು ಮೇಷ್ಟ್ರು ಕೇಳುವುದಿಲ್ಲ. ಎಷ್ಟು ಇಂಟು ಎಂದು ಎಣಿಸುತ್ತಾರೆ.

ಆರನೇ ಕ್ಲಾಸಿನಲ್ಲಿ ನನಗೊಮ್ಮೆ ಮೂರು ಬಿದ್ದಿದ್ದವು. ಜೇಬಿನಲ್ಲಿ ಉಪ್ಪು ಖಾರ ಹಚ್ಚಿದ ಅರ್ಧ ಪೇರಲೆಹಣ್ಣಿತ್ತು. ಬೆಂಚಿನ ಕೆಳಗಿಂದ ದಾಟಿಸಿದೆ. ಲೀಡರ್ ಡಸ್ಟರ್ ಕೂಡ ಹುಡುಕಲಿಲ್ಲ, ಅಂಗೈಯಲ್ಲೇ ನನ್ನ ಹೆಸರು ಒರೆಸಿದ. ಮೇಷ್ಟ್ರು ಬಂದರು, ಉಳಿದ ಐವರಿಗೆ ಬೆತ್ತದ ರುಚಿ ತೋರಿಸಿದರು. ಆಮೇಲೆ ಸಮಾಜದ ಪುಸ್ತಕ ತೆರೆದು 'ಕಾನೂನಿನ ಮುಂದೆ ಎಲ್ಲರೂ ಸಮಾನರು' ಎಂದು ಪಾಠ ಮಾಡಿದರು. ನಾನು ನೀಟಾಗಿ ಬರೆದುಕೊಂಡೆ.

ಈಗ ಬೆತ್ತ ಇಲ್ಲ, ಕನಿಷ್ಠ ಕಾಗದದ ಮೇಲಾದರೂ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯಬಾರದು, ಮಾನಸಿಕ ಹಿಂಸೆಯನ್ನೂ ಕೊಡಬಾರದು ಎನ್ನುತ್ತದೆ. ಬೋರ್ಡು ಮಾತ್ರ ಹಾಗೇ ಇದೆ. ಹೆಸರು ಬರೆದದ್ದು ಮೇಷ್ಟ್ರಲ್ಲವಲ್ಲ, ಹುಡುಗ!

1968ರಲ್ಲಿ ಅಮೆರಿಕದ ಫಿಲಿಪ್ ಜಾಕ್ಸನ್ ಎಂಬವರು ತರಗತಿಗಳಲ್ಲಿ ಕೂತು ನೋಡಿ ಇಂಥದ್ದಕ್ಕೆ ಹಿಡನ್ ಕರಿಕ್ಯುಲಮ್ ಎಂದು ಹೆಸರಿಟ್ಟರು. ಅಂದರೆ ಬಚ್ಚಿಟ್ಟ ಪಠ್ಯ. ಗುಂಪಿನಲ್ಲಿ ಕಾಯುವುದು, ಹೊಗಳಿಕೆ ತೆಗಳಿಕೆಗೆ ಒಗ್ಗುವುದು, ಅಧಿಕಾರ ಇದ್ದವರಿಗೆ ಬಗ್ಗುವುದು: ಈ ಮೂರನ್ನು ಮಕ್ಕಳು ಯಾರೂ ಹೇಳಿಕೊಡದೆಯೇ ಕಲಿಯುತ್ತಾರೆ ಎಂದರು. ಪಾಪ, ಅವರಿಗೆ ಪೇರಲೆಹಣ್ಣಿನ ವಿಷಯ ಗೊತ್ತಿರಲಿಲ್ಲ.

ಮೊನ್ನೆ ಮಗನ ಶಾಲೆಯಲ್ಲಿ ಪೇರೆಂಟ್ಸ್ ಮೀಟಿಂಗ್ ಇತ್ತು. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತಿದ್ದೆವು. ವ್ಯಾನ್ ಫೀಸು ಯಾಕೆ ಜಾಸ್ತಿಯಾಯಿತು ಎಂದು ಗೇಟಿನ ಹೊರಗೆ ಎಲ್ಲರೂ ಕೂಗಾಡಿದ್ದೇ ಕೂಗಾಡಿದ್ದು. ಒಳಗೆ ಮೇಡಂ, 'ಯಾರಿಗಾದರೂ ಏನಾದರೂ ಕೇಳೋದಿದೆಯಾ?' ಎಂದರು. ಫ್ಯಾನಿನ ಸದ್ದು ಚೆನ್ನಾಗಿ ಕೇಳಿಸಿತು. ನಾನು ಎದ್ದು ನಿಲ್ಲಬೇಕು ಎನ್ನುವಷ್ಟರಲ್ಲಿ ಬೋರ್ಡಿನ ಮೂಲೆ ಕಣ್ಣಿಗೆ ಬಿತ್ತು. ಶುಕ್ರವಾರದ ಪಟ್ಟಿ ಅಳಿಸಿರಲಿಲ್ಲ. ಮಗನ ಹೆಸರು, ಮುಂದೆ ಮೂರು ಇಂಟು.

'ನಿಮ್ಮ ಮಗ ತುಂಬಾ ಮಾತಾಡ್ತಾನೆ ಸರ್' ಎಂದರು ಮೇಡಂ.

'ಸಾರಿ ಮೇಡಂ' ಎಂದೆ, ಕೈ ಕಟ್ಟಿಕೊಂಡು.

ಸೋಮವಾರ ಬೆಳಿಗ್ಗೆ ಅವನ ಬ್ಯಾಗಿಗೆ ಎರಡು ಪೇರಲೆಹಣ್ಣು ಹಾಕಿದೆ. ಒಂದು ಅವನಿಗೆ.