ಮರಗಟ್ಟಿಸುವ ಹನಿ ಮನೆಗೆ ಬೇಡ
"ನೋವು ಮರುಕಳಿಸಿದಾಗಲೆಲ್ಲ ಕಣ್ಣು ಮರಗಟ್ಟಿಸುವ ಹನಿಗಳನ್ನು ಹಾಕಿಕೊಳ್ಳಬಹುದು."

ವೆಲ್ಡಿಂಗ್ ಬೆಳಕಿಗೆ ಕಣ್ಣು ಸುಟ್ಟಾಗ ಏನು ಮಾಡಬೇಕೆಂಬ ಲೇಖನದ ಈ ಸಲಹೆಯನ್ನು ಒಪ್ಪಲಾಗದು. ಆ ಹನಿಗಳು ವೈದ್ಯರು ಕಣ್ಣನ್ನು ಪರೀಕ್ಷಿಸುವಷ್ಟು ಹೊತ್ತಿಗೆ ಮಾತ್ರ. ಪದೇ ಪದೇ ಬಳಸಿದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದ ಮೇಲ್ಪದರ ಮತ್ತೆ ಬೆಳೆಯುವುದನ್ನೇ ಅವು ತಡೆಯುತ್ತವೆ. ನಮ್ಮ ಗೇಟು, ಗ್ರಿಲ್ ಮಾಡುವ ಶೆಡ್‌ನಲ್ಲಿ ಚೌಕಟ್ಟು ಹಿಡಿದು ನಿಂತಿದ್ದ ಸಹಾಯಕನೊಬ್ಬನಿಗೆ ಸಂಜೆಯವರೆಗೂ ಏನೂ ಅನ್ನಿಸಿರಲಿಲ್ಲ. ರಾತ್ರಿ ಒಂದು ಗಂಟೆಗೆ ಎರಡೂ ಕಣ್ಣಿಗೆ ಮರಳು ತುಂಬಿದಂತಾಗಿ, ನೀರು ಸುರಿದು, ರೆಪ್ಪೆ ತೆರೆಯಲಾಗಲಿಲ್ಲ. ವೆಲ್ಡಿಂಗ್ ಬೆಳಕಿನ ಅತಿನೇರಳೆ ಕಿರಣದ ಸುಡುವಿಕೆ ಹೀಗೆ ಆರರಿಂದ ಹನ್ನೆರಡು ಗಂಟೆ ತಡವಾಗಿಯೇ ಕಾಣಿಸಿಕೊಳ್ಳುವುದು ಸಾಮಾನ್ಯ. ಯಾರೋ ಕೊಟ್ಟ ಮರಗಟ್ಟಿಸುವ ಹನಿಯನ್ನು ಅವನು ಗಂಟೆಗೊಮ್ಮೆ ಹಾಕಿಕೊಂಡ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮಾಯುವ ಗಾಯ ನಾಲ್ಕನೆಯ ದಿನವೂ ಮಾಯಲಿಲ್ಲ.

ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದು, ಕಣ್ಣುಜ್ಜದೆ, ಮುಚ್ಚಿದ ರೆಪ್ಪೆಯ ಮೇಲೆ ತಣ್ಣನೆಯ ಒದ್ದೆ ಬಟ್ಟೆಯಿಟ್ಟು ಕತ್ತಲ ಕೋಣೆಯಲ್ಲಿ ಮಲಗುವುದು, ಸಂರಕ್ಷಕವಿಲ್ಲದ ಕೃತಕ ಕಣ್ಣೀರು ಮತ್ತು ನುಂಗುವ ನೋವಿನ ಮಾತ್ರೆ ಮೊದಲ ರಾತ್ರಿಗೆ ಸಾಕು. (ಕಣ್ಣಿಗೆ ಎದೆಹಾಲು ಹಿಂಡುವ ರೂಢಿ ಸೋಂಕಿಗೆ ದಾರಿ.) ಒಂದೇ ಕಣ್ಣು ನೋಯುತ್ತಿದ್ದರೆ ಕಬ್ಬಿಣದ ಚೂರು ಸಿಕ್ಕಿರಬಹುದು; ಆಗಲೂ, ದೃಷ್ಟಿ ಮಂಜಾದಾಗಲೂ, ಎರಡು ದಿನಕ್ಕೂ ಕಡಿಮೆಯಾಗದಿದ್ದಾಗಲೂ ನೇತ್ರವೈದ್ಯರನ್ನು ಕಾಣಲೇಬೇಕು.

ಕನ್ನಡಕದ ವಿಷಯದಲ್ಲಿ ಲೇಖಕರು ಹೇಳಿದ "ಕಪ್ಪು ಗಾಜು" ಎಂಬ ಮಾತೂ ಸಾಲದು. ಗಾಜು ಎಷ್ಟು ಕಪ್ಪು ಎಂಬುದನ್ನು ಶೇಡ್ ಸಂಖ್ಯೆ ಹೇಳುತ್ತದೆ. ಗ್ಯಾಸ್ ವೆಲ್ಡಿಂಗ್‌ನ 5ನೇ ಶೇಡ್ ಗಾಗಲ್ಸ್ ಆರ್ಕ್ ವೆಲ್ಡಿಂಗ್‌ಗೆ ಆಗದು. ನೂರು ಆಂಪಿಯರ್ ಆಸುಪಾಸಿನ ರಾಡ್ ಕೆಲಸಕ್ಕೆ ಮುಖವಿಡೀ ಮುಚ್ಚುವ ಶೀಲ್ಡ್‌ನಲ್ಲಿ 10ನೇ ಶೇಡ್ ಗಾಜು ಸೂಕ್ತ. ಪಕ್ಕದಲ್ಲಿ ಹಿಡಿದು ನಿಲ್ಲುವವನಿಗೂ ಅಂಥದ್ದೇ ಶೀಲ್ಡ್ ಕೊಡಬೇಕು, ಏಕೆಂದರೆ ಮುಖ ತಿರುಗಿಸಿದರೂ ಕಿರಣ ಬದಿಯಿಂದ ಒಳಬರುತ್ತದೆ.